ಎರಡು ಇಂಚೋ, ಮೂರು ಇಂಚೋ? ಅಂಗಡಿಯ ಬಿಲ್ ಪ್ರಿಂಟರ್ ಹೊಂದಿಸುವ ಬಗೆ

ಹೊಸ ಬಿಲ್ ಪ್ರಿಂಟರ್ ತಂದ ದಿನ ಅಂಗಡಿಗಳಲ್ಲಿ ಕೇಳಿಬರುವ ದೂರುಗಳು ಹೆಚ್ಚೂಕಡಿಮೆ ಒಂದೇ ಬಗೆಯವು. ಸಾಮಾನಿನ ಹೆಸರು ಬಂದಿದೆ, ತೂಕ ಬಂದಿದೆ, ದರವೂ ಬಂದಿದೆ. ಮೊತ್ತದ ಅಂಕಿ ಮಾತ್ರ ಕಾಗದದ ಬಲ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಹೋಗಿದೆ. ಇಲ್ಲವೇ ಬಿಲ್ ಸರಿಯಾಗಿಯೇ ಬಂದು, ಅದರ ಹಿಂದೆ ಅರ್ಧ ಮೊಳ ಖಾಲಿ ಕಾಗದವೂ ಹೊರಬರುತ್ತದೆ. ಯಂತ್ರ ಕೆಟ್ಟಿದೆ ಎಂದು ಮಾರಿದವರಿಗೆ ಫೋನ್ ಹೋಗುತ್ತದೆ. ಯಂತ್ರ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಕಾಗದದ ಅಗಲವನ್ನು ಮೂರು ಕಡೆ ಹೊಂದಿಸಬೇಕು: ಪ್ರಿಂಟರಿಗೆ ಹಾಕುವ ರೋಲ್, ಕಂಪ್ಯೂಟರಿನ ಡ್ರೈವರ್, ಬಿಲ್ಲಿಂಗ್ ಸಾಫ್ಟ್‌ವೇರ್. ಈ ಮೂರರಲ್ಲಿ ಒಂದು ತಪ್ಪಿದರೂ ಮೇಲೆ ಹೇಳಿದ ದೂರುಗಳಲ್ಲಿ ಒಂದು ಬಂದೇ ಬರುತ್ತದೆ.

ಇಲ್ಲಿ ಒಂದು ದಿನಸಿ ಅಂಗಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕೌಂಟರಿನಲ್ಲಿ ವಿಂಡೋಸ್ ಇರುವ ಒಂದು ಕಂಪ್ಯೂಟರ್, ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸುವ ಥರ್ಮಲ್ ಪ್ರಿಂಟರ್, ದಿನಕ್ಕೆ ನೂರಿನ್ನೂರು ಬಿಲ್. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ವ್ಯವಸ್ಥೆ ಇದೇ.

ಕಾಗದದ ಲೆಕ್ಕ

ಥರ್ಮಲ್ ಪ್ರಿಂಟರಿನಲ್ಲಿ ಶಾಯಿಯೂ ಇಲ್ಲ, ರಿಬ್ಬನ್ನೂ ಇಲ್ಲ. ಕಾಗದದ ಒಂದು ಮುಖಕ್ಕೆ ಶಾಖ ತಗುಲಿದರೆ ಕಪ್ಪಾಗುವ ಲೇಪನ ಬಳಿದಿರುತ್ತಾರೆ. ಪ್ರಿಂಟರಿನ ಹೆಡ್ಡಿನಲ್ಲಿ ಒಂದೇ ಸಾಲಿನಲ್ಲಿ ನೂರಾರು ಸಣ್ಣ ಬಿಂದುಗಳಿವೆ. ಯಾವ ಬಿಂದು ಕಾಯುತ್ತದೋ ಅದರ ಎದುರಿನ ಕಾಗದ ಕಪ್ಪಾಗುತ್ತದೆ. ಕಾಗದ ಮುಂದೆ ಸರಿಯುತ್ತಾ ಹೋದಂತೆ ಸಾಲಿನ ಮೇಲೆ ಸಾಲು ಸೇರಿ ಅಕ್ಷರವಾಗುತ್ತದೆ. ಹಾಗಾಗಿ ಈ ಯಂತ್ರಕ್ಕೆ ಉದ್ದದ ಮಿತಿ ಎಂಬುದು ಇಲ್ಲವೇ ಇಲ್ಲ ಎನ್ನಬಹುದು. ಮಿತಿ ಇರುವುದೆಲ್ಲ ಅಗಲಕ್ಕೆ.

ಪೇಟೆಯಲ್ಲಿ "ಎರಡು ಇಂಚು" ಎನ್ನುವ ಪ್ರಿಂಟರಿನ ಕಾಗದ 58 ಮಿ.ಮೀ. ಅಗಲ. "ಮೂರು ಇಂಚು" ಎನ್ನುವುದರದ್ದು 80 ಮಿ.ಮೀ. ಈ ಅಗಲದ ಪೂರ್ತಿಗೂ ಅಚ್ಚು ಬೀಳುವುದಿಲ್ಲ. 58ರ ಕಾಗದದಲ್ಲಿ ಸಾಮಾನ್ಯವಾಗಿ 48 ಮಿ.ಮೀ., 80ರ ಕಾಗದದಲ್ಲಿ 72 ಮಿ.ಮೀ. ಮಾತ್ರ ಅಚ್ಚಿಗೆ ಸಿಗುತ್ತದೆ. ಹೆಡ್ಡಿನಲ್ಲಿ ಒಂದು ಮಿ.ಮೀ.ಗೆ 8 ಬಿಂದುಗಳಿರುವುದರಿಂದ ಸಣ್ಣದರಲ್ಲಿ ಒಂದು ಸಾಲಿಗೆ 384 ಬಿಂದು, ದೊಡ್ಡದರಲ್ಲಿ 576. ಪ್ರಿಂಟರಿನ ಒಳಗೇ ಇರುವ ಮಾಮೂಲಿ ಇಂಗ್ಲಿಷ್ ಅಕ್ಷರ 12 ಬಿಂದು ಅಗಲ ತೆಗೆದುಕೊಳ್ಳುತ್ತದೆ. ಭಾಗಿಸಿದರೆ ಎರಡು ಇಂಚಿನ ಬಿಲ್ಲಿನಲ್ಲಿ ಸಾಲಿಗೆ 32 ಅಕ್ಷರ, ಮೂರು ಇಂಚಿನದರಲ್ಲಿ 48 ಅಕ್ಷರ. ಮುಂದಿನ ನಿರ್ಧಾರವೆಲ್ಲ ನಿಲ್ಲುವುದು ಈ ಎರಡು ಅಂಕಿಗಳ ಮೇಲೆ.

32 ಅಕ್ಷರದೊಳಗೆ ದಿನಸಿ ಬಿಲ್ಲಿನ ನಾಲ್ಕು ಅಂಕಣ ಹಿಡಿಸಿ ನೋಡೋಣ. ಹೆಸರಿಗೆ 13, ಸಂಖ್ಯೆಗೆ 4, ದರಕ್ಕೆ 7, ಮೊತ್ತಕ್ಕೆ 8. ಒಟ್ಟು 32.

```
ITEM          QTY   RATE  AMOUNT
TOOR DAL 1KG    2 165.00  330.00
SONA RICE 25K   11450.00 1450.00
```

ಬೇಳೆಯ ಸಾಲು ಚೆನ್ನಾಗಿದೆ. ಅಕ್ಕಿಯ ಸಾಲು ನೋಡಿ. ಮೂಟೆಯ ದರ 1450.00 ಬರೆಯಲು ಏಳು ಜಾಗ ಪೂರ್ತಿ ಬೇಕಾಯಿತು, ಅದರ ಎಡಕ್ಕಿದ್ದ ಸಂಖ್ಯೆ 1 ಬಂದು ದರಕ್ಕೆ ಅಂಟಿಕೊಂಡಿತು. ಗಿರಾಕಿಯ ಕಣ್ಣಿಗೆ ಅದು ಹನ್ನೊಂದು ಸಾವಿರದ ನಾನೂರ ಐವತ್ತು. ಹೆಸರಿನ ಕೊನೆಯ ಅಕ್ಷರವೂ ಹಾರಿಹೋಗಿದೆ. ಸಾಫ್ಟ್‌ವೇರಿನ ಲೆಕ್ಕದಲ್ಲಿ ತಪ್ಪಿಲ್ಲ, ಪ್ರಿಂಟರಿನಲ್ಲೂ ತಪ್ಪಿಲ್ಲ, ಆದರೂ ಕೌಂಟರಿನಲ್ಲಿ ಜಗಳಕ್ಕೆ ಇಷ್ಟು ಸಾಕು. ಎರಡು ಇಂಚಿನ ಬಿಲ್ಲಿಗೆ ಇರುವ ದಾರಿ ಎಂದರೆ ಒಂದೊಂದು ಸಾಮಾನಿಗೂ ಎರಡು ಸಾಲು ಕೊಡುವುದು: ಮೇಲಿನ ಸಾಲಿನಲ್ಲಿ ಪೂರ್ತಿ ಹೆಸರು, ಕೆಳಗಿನ ಸಾಲಿನಲ್ಲಿ ಲೆಕ್ಕ.

```
SONA RICE 25KG
      1 x 1450.00        1450.00
```

ಈಗ ಗೊಂದಲವಿಲ್ಲ. ಆದರೆ ಇಪ್ಪತ್ತು ಸಾಮಾನಿನ ಬಿಲ್ಲಿಗೆ ನಲವತ್ತು ಸಾಲು. ಮೂರು ಇಂಚಿನಲ್ಲಿ ಹೆಸರಿಗೇ ಇಪ್ಪತ್ತಕ್ಕಿಂತ ಹೆಚ್ಚು ಅಕ್ಷರ ಕೊಟ್ಟರೂ ದರ, ಮೊತ್ತಗಳಿಗೆ ಧಾರಾಳವಾಗಿ ಜಾಗ ಉಳಿಯುತ್ತದೆ, ಎಲ್ಲವೂ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಇನ್ನೊಂದು ಸಣ್ಣ ಲೆಕ್ಕವನ್ನೂ ಸೇರಿಸಿಕೊಳ್ಳಿ. ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿರುವ ಅಂಗಡಿಯವರು ತಾವು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ ಎಂಬ ನಿಗದಿತ ವಾಕ್ಯವನ್ನು ಬಿಲ್ಲಿನ ತಲೆಯಲ್ಲೇ ಹಾಕಬೇಕು. ಇಂಗ್ಲಿಷಿನ ಆ ವಾಕ್ಯ ಜಾಗವೂ ಸೇರಿ 67 ಅಕ್ಷರ. ಎರಡು ಇಂಚಿನಲ್ಲಿ ಅದೊಂದೇ ಮೂರು ಸಾಲು ತಿನ್ನುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿದೆ. ದಿನಸಿ, ಔಷಧಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಗಳಿಗೆ ಮೂರು ಇಂಚಿನದೇ ಸರಿ. ಎರಡು ಮೂರು ಸಾಮಾನಿನಲ್ಲಿ ಬಿಲ್ ಮುಗಿಯುವ ಟೀ ಅಂಗಡಿ, ಜ್ಯೂಸ್ ಸೆಂಟರ್, ಬೇಕರಿ, ಪಾರ್ಕಿಂಗ್ ಚೀಟಿಗೆ ಎರಡು ಇಂಚು ಧಾರಾಳವಾಗಿ ಸಾಕು.

ರೋಲ್ ಕೊಳ್ಳುವಾಗ

ರೋಲಿನ ಪೊಟ್ಟಣದ ಮೇಲೆ 57 x 15 ಎಂದೋ 79 x 50 ಎಂದೋ ಬರೆದಿರುತ್ತದೆ. ಮೊದಲನೆಯದು ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಸಾಮಾನ್ಯವಾಗಿ ಮೀಟರ್ ಲೆಕ್ಕದ ಉದ್ದ. 58ರ ಪ್ರಿಂಟರಿಗೆ 57, 80ರ ಪ್ರಿಂಟರಿಗೆ 79 ಕೊಟ್ಟರೆ ಗಾಬರಿ ಬೇಡ; ಗೋಡೆಗೆ ಉಜ್ಜದೆ ಸಲೀಸಾಗಿ ಸರಿಯಲಿ ಎಂದು ಆ ಒಂದು ಮಿ.ಮೀ. ಬಿಟ್ಟಿರುತ್ತಾರೆ. ಗಮನಿಸಬೇಕಾದ್ದು ರೋಲಿನ ದಪ್ಪ. ಕಡಿಮೆ ಬೆಲೆಗೆ ಸಿಗುತ್ತದೆಂದು 50 ಮೀಟರಿನ ದಪ್ಪ ರೋಲ್ ತಂದರೆ ಸಣ್ಣ ಪ್ರಿಂಟರಿನ ಮುಚ್ಚಳವೇ ಮುಚ್ಚುವುದಿಲ್ಲ. ಒಂದು ಬಿಲ್ ಸರಾಸರಿ 15 ಸೆಂ.ಮೀ. ಎಂದುಕೊಂಡರೆ 15 ಮೀಟರಿನ ರೋಲಿನಲ್ಲಿ ನೂರು ಬಿಲ್ ಬರುತ್ತದೆ. ದಿನಕ್ಕೆ ಇನ್ನೂರು ಬಿಲ್ ಕೊಡುವ ಅಂಗಡಿಯಲ್ಲಿ ಅಷ್ಟು ಚಿಕ್ಕ ರೋಲ್ ಹಾಕಿದರೆ ಜನ ಸಾಲುಗಟ್ಟಿದ ಹೊತ್ತಿನಲ್ಲೇ ಕಾಗದ ಮುಗಿಯುತ್ತದೆ.

ಲೇಪನ ಯಾವ ಮುಖಕ್ಕಿದೆ ಎಂದು ತಿಳಿಯಲು ಉಗುರು ಸಾಕು. ಕಾಗದದ ಮೇಲೆ ಬಿರುಸಾಗಿ ಗೀರಿ. ಕಪ್ಪು ಗೆರೆ ಮೂಡಿದ ಮುಖ ಹೆಡ್ಡಿನ ಕಡೆಗಿರಬೇಕು. ಪ್ರಿಂಟರ್ ಸದ್ದು ಮಾಡುತ್ತಿದೆ, ಕಾಗದವೂ ಹೊರಬರುತ್ತಿದೆ, ಆದರೆ ಒಂದಕ್ಷರವೂ ಇಲ್ಲ ಎಂದರೆ ಬಹುತೇಕ ಸಲ ರೋಲ್ ತಿರುಗಾಮುರುಗಾ ಕೂತಿರುತ್ತದೆ. ತೆಗೆದು ತಿರುಗಿಸಿ ಹಾಕಿದರೆ ಮುಗಿಯಿತು.

ಕೆಲವು ಮೂರು ಇಂಚಿನ ಪ್ರಿಂಟರುಗಳಿಗೆ ಒಳಗೊಂದು ಪ್ಲಾಸ್ಟಿಕ್ ಅಡ್ಡಗೋಡೆ ಸಿಕ್ಕಿಸಿ ಎರಡು ಇಂಚಿನ ರೋಲನ್ನೂ ಹಾಕಬಹುದು. ಕಾಗದ ಉಳಿಸಲು ಹೀಗೆ ಮಾಡುವವರಿದ್ದಾರೆ. ಮಾಡುವ ಮುಂಚೆ ಒಂದು ವಿಷಯ ತಿಳಿದಿರಲಿ: ಸಣ್ಣ ಕಾಗದ ಹಾಕಿದಾಗ ಹೆಡ್ಡಿನ ಒಂದು ಭಾಗ ಕಾಗದವಿಲ್ಲದೆ ರಬ್ಬರ್ ರೋಲರಿಗೆ ನೇರವಾಗಿ ಉಜ್ಜುತ್ತಿರುತ್ತದೆ, ಕತ್ತರಿಸುವ ಬ್ಲೇಡೂ ಒಂದು ಕಡೆ ಮಾತ್ರ ಸವೆಯುತ್ತದೆ. ಕೆಲವು ತಿಂಗಳ ಮೇಲೆ ಮತ್ತೆ 80ರ ರೋಲಿಗೆ ಮರಳಿದರೆ ಒಂದು ಪಕ್ಕದಲ್ಲಿ ಅಚ್ಚು ಮಸುಕಾಗಬಹುದು. ಹೀಗಾಗಿ ಅಗಲವನ್ನು ಮೊದಲ ದಿನವೇ ತೀರ್ಮಾನಿಸಿ, ಅದಕ್ಕೇ ಅಂಟಿಕೊಳ್ಳುವುದು ಲೇಸು.

ಡ್ರೈವರ್ ಮಾಡುವ ಕೆಲಸ

ಕೇಬಲ್ ಚುಚ್ಚುವ ಮುಂಚೆ ಪ್ರಿಂಟರೊಂದನ್ನೇ ಪರೀಕ್ಷಿಸಿ. ರೋಲ್ ಹಾಕಿ, ಯಂತ್ರ ಆಫ್ ಮಾಡಿ, `FEED` ಗುಂಡಿ ಒತ್ತಿ ಹಿಡಿದು ಸ್ವಿಚ್ ಆನ್ ಮಾಡಿದರೆ ಬಹುತೇಕ ಮಾದರಿಗಳು ತಮ್ಮ ಜಾತಕವನ್ನು ತಾವೇ ಅಚ್ಚು ಹಾಕುತ್ತವೆ: ಮಾದರಿ, ಸಂಪರ್ಕದ ಬಗೆ, ಅಕ್ಷರಗಳ ಪಟ್ಟಿ, ನೆಟ್‌ವರ್ಕ್ ಪ್ರಿಂಟರಾದರೆ ಅದರ ಐಪಿ ವಿಳಾಸ. ಈ ಚೀಟಿ ಸ್ಪಷ್ಟವಾಗಿ ಬಂದರೆ ಹೆಡ್, ಕಾಗದ, ವಿದ್ಯುತ್ ಮೂರೂ ಸರಿಯಾಗಿವೆ ಎಂದರ್ಥ. ಮುಂದೆ ಏನೇ ತೊಂದರೆ ಬಂದರೂ ಅದನ್ನು ಕಂಪ್ಯೂಟರಿನ ಕಡೆ ಹುಡುಕಿದರೆ ಸಾಕು. ಈ ಚೀಟಿಯನ್ನು ಎಸೆಯಬೇಡಿ.

ಡ್ರೈವರ್ ಎಂದರೆ ವಿಂಡೋಸಿಗೂ ಪ್ರಿಂಟರಿಗೂ ನಡುವೆ ನಿಂತ ದುಭಾಷಿ. ಸಾಫ್ಟ್‌ವೇರ್ ಕೊಟ್ಟ ಪುಟವನ್ನು ಅದು ಬಿಂದುಗಳ ಚಿತ್ರವಾಗಿ ಬಿಡಿಸಿ, ಇಂಥ ಸಾಲಿನಲ್ಲಿ ಇಂಥಿಂಥ ಬಿಂದು ಕಾಯಲಿ ಎಂದು ಪ್ರಿಂಟರಿಗೆ ಹೇಳುತ್ತದೆ. ಹಾಗೆ ಹೇಳಬೇಕಾದರೆ ಪುಟ ಎಷ್ಟು ಅಗಲ ಎಂಬುದು ಅದಕ್ಕೆ ಗೊತ್ತಿರಬೇಕು. ಬೇರೆ ಪ್ರಿಂಟರಿನ ಡ್ರೈವರ್ ಹಾಕಿದರೆ ಯಂತ್ರಕ್ಕೆ ಅರ್ಥವಾಗದ ಭಾಷೆಯಲ್ಲಿ ಆಜ್ಞೆ ಹೋಗುತ್ತದೆ, ಮೀಟರುಗಟ್ಟಲೆ ಕಾಗದದ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಆಗ ಪ್ರಿಂಟರ್ ಆಫ್ ಮಾಡಿ, ಕಂಪ್ಯೂಟರಿನಲ್ಲಿ ಸರದಿಯಲ್ಲಿರುವ ಪ್ರಿಂಟುಗಳನ್ನು ಅಳಿಸಿ, ಸರಿಯಾದ ಡ್ರೈವರ್ ಹಾಕಬೇಕು.

ಡ್ರೈವರನ್ನು ತಯಾರಕರ ತಾಣದಿಂದ, ಇಲ್ಲವೇ ಮಾರಿದವರು ಕೊಟ್ಟ ಸಿ.ಡಿ. ಅಥವಾ ಪೆನ್‌ಡ್ರೈವಿನಿಂದ ಹಾಕಿಕೊಳ್ಳಿ. ಹಾಕುವಾಗ ಅದು ಎರಡು ಪ್ರಶ್ನೆ ಕೇಳುತ್ತದೆ. ಮೊದಲನೆಯದು ಮಾದರಿ, ಹೆಸರಿಲ್ಲದ ಅಗ್ಗದ ಪ್ರಿಂಟರುಗಳಲ್ಲಿ `POS-58`, `POS-80` ಎಂಬಂಥ ಹೆಸರಿರುತ್ತದೆ, ಅಲ್ಲಿಯೇ ಅಗಲದ ಸುಳಿವೂ ಇದೆ. ಎರಡನೆಯದು ಪೋರ್ಟ್. ಯುಎಸ್‌ಬಿ ಪ್ರಿಂಟರಿಗೆ ವಿಂಡೋಸ್ ಸಾಮಾನ್ಯವಾಗಿ `USB001` ಎಂಬ ಪೋರ್ಟ್ ಮಾಡಿರುತ್ತದೆ, ಅದನ್ನೇ ಆರಿಸಬೇಕು. ಅಲ್ಲಿ `LPT1` ಹಾಗೇ ಉಳಿದಿದ್ದರೆ ಪ್ರಿಂಟ್ ಕೊಟ್ಟದ್ದೆಲ್ಲ ಎಲ್ಲೂ ತಲುಪದೆ ಸರದಿಯಲ್ಲೇ ಕೂತಿರುತ್ತದೆ.

ಈಗ ಮುಖ್ಯ ಹೆಜ್ಜೆ. ವಿಂಡೋಸಿನ `Printers & scanners` ಪುಟದಲ್ಲಿ ನಿಮ್ಮ ಪ್ರಿಂಟರನ್ನು ತೆರೆದು `Printing preferences` ಒತ್ತಿ, ಕಾಗದದ ಅಳತೆಯ ಪಟ್ಟಿ ನೋಡಿ. ಡ್ರೈವರಿಂದ ಡ್ರೈವರಿಗೆ ಹೆಸರು ಬೇರೆಯಾದರೂ `80(72.1) x 297 mm` ಅಥವಾ `58(48) x 210 mm` ಎಂಬ ರೀತಿಯ ಸಾಲುಗಳಿರುತ್ತವೆ. ಮೊದಲ ಅಂಕಿ ಕಾಗದದ ಅಗಲ, ಆವರಣದಲ್ಲಿರುವುದು ಅಚ್ಚಿನ ಅಗಲ, ಕೊನೆಯದು ಪುಟದ ಉದ್ದ. ನಿಮ್ಮ ರೋಲಿನ ಅಗಲಕ್ಕೆ ಹೊಂದುವುದನ್ನು ಆರಿಸಿ. ಎರಡು ಇಂಚಿನ ಯಂತ್ರಕ್ಕೆ 80ರ ಅಳತೆ ಕೊಟ್ಟರೆ 576 ಬಿಂದುಗಳ ಚಿತ್ರ ಸಿದ್ಧವಾಗಿ, ಅದರಲ್ಲಿ 384 ಮಾತ್ರ ಕಾಗದಕ್ಕೆ ಬರುತ್ತದೆ. ಬಲಗಡೆಯ ಮೂರನೇ ಒಂದು ಪಾಲು ಮಾಯ. ಮೊತ್ತದ ಅಂಕಣ ಇರುವುದೇ ಅಲ್ಲಿ.

ಉದ್ದದ ವಿಷಯಕ್ಕೂ ಸ್ವಲ್ಪ ಗಮನ ಬೇಕು. ಪುಟದ ಉದ್ದ 297 ಎಂದಿದ್ದರೆ ಕೆಲವು ಡ್ರೈವರುಗಳು ನಾಲ್ಕು ಸಾಲಿನ ಬಿಲ್ಲಿಗೂ ಅಷ್ಟುದ್ದ ಕಾಗದ ಬಿಡುತ್ತವೆ. 210 ಎಂದಿದ್ದು ಬಿಲ್ ಅದಕ್ಕಿಂತ ಉದ್ದವಾದರೆ ನಡುವೆಯೇ ಕತ್ತರಿ ಬಿದ್ದು ಎರಡು ತುಂಡಾಗುತ್ತದೆ. ಉತ್ತಮ ಡ್ರೈವರುಗಳಲ್ಲಿ `80(72.1) x 3276 mm` ನಂತಹ ಅತಿ ಉದ್ದದ ಅಳತೆಯೂ, ಕೊನೆಯ ಖಾಲಿ ಜಾಗ ಬಿಡದಂತೆ ಮಾಡುವ ಆಯ್ಕೆಯೂ ಇರುತ್ತವೆ. ಎರಡನ್ನೂ ಜೊತೆಯಾಗಿ ಬಳಸಿದರೆ ಬಿಲ್ ಎಲ್ಲಿ ಮುಗಿಯುತ್ತದೋ ಅಲ್ಲಿಗೇ ಕಾಗದ ನಿಲ್ಲುತ್ತದೆ. ಬೇಕಾದ ಅಳತೆ ಪಟ್ಟಿಯಲ್ಲಿ ಇಲ್ಲದಿದ್ದರೆ `Print server properties` ನಲ್ಲಿ `Create a new form` ಎಂಬುದನ್ನು ಗುರುತು ಮಾಡಿ ನಿಮ್ಮದೇ ಅಳತೆ ಸೇರಿಸಬಹುದು.

ಮೂರನೆಯ ಕಡೆ ಬಿಲ್ಲಿಂಗ್ ಸಾಫ್ಟ್‌ವೇರ್. ಬಹಳಷ್ಟು ಸಾಫ್ಟ್‌ವೇರುಗಳು ಮೊದಲಿಗೆ ಎ4 ಪುಟಕ್ಕೆ ಹೊಂದಿಕೊಂಡಿರುತ್ತವೆ. ಅದನ್ನು ಬದಲಿಸದೆ ಪ್ರಿಂಟ್ ಕೊಟ್ಟರೆ ಇಡೀ ಎ4 ಬಿಲ್ ಕುಗ್ಗಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣ ಅಕ್ಷರದಲ್ಲಿ ಬರುತ್ತದೆ. ಸೆಟ್ಟಿಂಗಿನಲ್ಲಿ ಥರ್ಮಲ್, ಎರಡು ಇಂಚು ಅಥವಾ ಮೂರು ಇಂಚು ಎಂದು ಆರಿಸಲು ಅವಕಾಶವಿದ್ದರೆ ಅದನ್ನು ಆರಿಸಿ. ಬ್ರೌಸರಿನಲ್ಲಿ ನಡೆಯುವ ಬಿಲ್ಲಿಂಗ್ ಆದರೆ ಪ್ರಿಂಟ್ ಕಿಟಕಿಯಲ್ಲಿ `Margins` ಅನ್ನು `None` ಮಾಡಿ, `Headers and footers` ಗುರುತು ತೆಗೆಯಿರಿ.

ಕನ್ನಡದಲ್ಲಿ ಬಿಲ್

ಕನ್ನಡದಲ್ಲಿ ಬಿಲ್ ಕೊಡಬೇಕೆನ್ನುವ ಅಂಗಡಿಯವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಪ್ರಿಂಟರಿಗೆ ಬಿಲ್ ಕಳಿಸುವ ದಾರಿ ಎರಡಿವೆ. ಒಂದರಲ್ಲಿ ಸಾಫ್ಟ್‌ವೇರ್ ಬರೀ ಅಕ್ಷರಗಳನ್ನೂ ಕೆಲವು ಆಜ್ಞೆಗಳನ್ನೂ ಕಳಿಸುತ್ತದೆ, ಆಕಾರ ಕೊಡುವುದು ಪ್ರಿಂಟರಿನ ಒಳಗಿನ ಅಕ್ಷರಪಟ್ಟಿ. ಎಪ್ಸನ್ ಕಂಪನಿ ರೂಪಿಸಿದ ಇಎಸ್‌ಸಿ/ಪಿಒಎಸ್ ಎಂಬ ಆಜ್ಞೆಗಳ ಭಾಷೆಯನ್ನು ಈಗ ಬೇರೆ ತಯಾರಕರ ಪ್ರಿಂಟರುಗಳೂ ಅನುಸರಿಸುತ್ತವೆ. ಉದಾಹರಣೆಗೆ ಕಾಗದ ಕತ್ತರಿಸುವ ಆಜ್ಞೆ ಅದರಲ್ಲಿ `1D 56 00`. ಈ ದಾರಿ ಬಲು ವೇಗ. ವಿಂಡೋಸಿನ `Generic / Text Only` ಡ್ರೈವರ್ ಮೂಲಕವೂ ಇದು ನಡೆಯುತ್ತದೆ. ಆದರೆ ಸಾಮಾನ್ಯವಾಗಿ ಸಿಗುವ ಪ್ರಿಂಟರುಗಳ ಅಕ್ಷರಪಟ್ಟಿಯಲ್ಲಿ ಕನ್ನಡ ಇರುವುದಿಲ್ಲ. "ತೊಗರಿಬೇಳೆ" ಎಂದು ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. 2010ರಲ್ಲಿ ಬಂದ ₹ ಚಿಹ್ನೆಗೂ ಎಷ್ಟೋ ಪ್ರಿಂಟರುಗಳಲ್ಲಿ ಇದೇ ಗತಿ.

ಇನ್ನೊಂದು ದಾರಿ ಚಿತ್ರದ್ದು. ತಯಾರಕರ ಡ್ರೈವರ್ ಹಾಕಿ, ಬಿಲ್ಲಿನ ಅಚ್ಚಿಗೆ ವಿಂಡೋಸಿನಲ್ಲಿರುವ `Nirmala UI` ಅಥವಾ `Tunga` ಫಾಂಟ್ ಆರಿಸಿದರೆ ಒತ್ತಕ್ಷರ, ದೀರ್ಘ ಎಲ್ಲವನ್ನೂ ಕಂಪ್ಯೂಟರೇ ಜೋಡಿಸಿ ಪೂರ್ತಿ ಚಿತ್ರವಾಗಿ ಕಳಿಸುತ್ತದೆ. ಪ್ರಿಂಟರಿಗೆ ಅದು ಕನ್ನಡವೋ ಹೂವಿನ ಚಿತ್ರವೋ ಗೊತ್ತಾಗಬೇಕಾಗಿಲ್ಲ, ಬಿಂದುಗಳು ಸಿಕ್ಕರೆ ಸಾಕು. ಅಚ್ಚು ಸ್ವಲ್ಪ ನಿಧಾನವಾಗಬಹುದು, ಆದರೆ ಅಕ್ಷರ ಸ್ವಚ್ಛವಾಗಿ ಬರುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಒಂದಿಷ್ಟು ಜಾಗ ಹೆಚ್ಚಿಸಿ. 32, 48 ಅಕ್ಷರಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಕನ್ನಡದಲ್ಲಿ "ರ" ಮತ್ತು "ಯೊ" ಒಂದೇ ಅಗಲದವಲ್ಲ. ಖಾಲಿ ಜಾಗ ಒತ್ತಿ ಅಂಕಣ ಹೊಂದಿಸಲು ಹೋದರೆ ಅಂಕಿಗಳು ಓರೆಕೋರೆಯಾಗುತ್ತವೆ. ಸಾಫ್ಟ್‌ವೇರಿನಲ್ಲಿ ಅಂಕಣದ ಅಗಲವನ್ನೇ ನಿಗದಿ ಮಾಡಿ, ಮೊತ್ತವನ್ನು ಬಲಕ್ಕೆ ಹೊಂದಿಸಬೇಕು. ಕನ್ನಡ ಬರುವುದಿಲ್ಲ ಎಂದು ಮಾರುವವರು ಹೇಳಿದರೆ ನಂಬಿ ಸುಮ್ಮನಾಗಬೇಡಿ. ಚಿತ್ರವಾಗಿ ಅಚ್ಚು ಹಾಕಬಲ್ಲ ಡ್ರೈವರ್ ಇದೆಯೇ, ಸಾಫ್ಟ್‌ವೇರಿನಲ್ಲಿ ಫಾಂಟ್ ಬದಲಿಸಲು ಬಿಡುತ್ತದೆಯೇ ಎಂದು ಕೇಳಿ. ಎರಡಕ್ಕೂ ಹೌದು ಎಂದರೆ ಕನ್ನಡ ಬರುತ್ತದೆ.

ಮೊಬೈಲಿನಿಂದ ಬ್ಲೂಟೂತ್ ಮೂಲಕ ಅಚ್ಚು ಹಾಕುವ ಸಣ್ಣ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಡ್ರೈವರಿನ ಕೆಲಸವನ್ನು ಆ್ಯಪ್ಪೇ ಮಾಡುತ್ತದೆ. ಅಗಲ ಹೇಳಬೇಕಾದ್ದೂ ಕನ್ನಡವನ್ನು ಚಿತ್ರವಾಗಿ ಕಳಿಸುತ್ತದೆಯೇ ಎಂದು ನೋಡಬೇಕಾದ್ದೂ ಅಲ್ಲೇ.

ನಿನ್ನೆ ಬರುತ್ತಿತ್ತು, ಇಂದಿಲ್ಲ

ಕಸ ಗುಡಿಸುವಾಗ ಕೇಬಲ್ ಕಿತ್ತುಬಂದು, ಯಾರೋ ಅದನ್ನು ಕಂಪ್ಯೂಟರಿನ ಬೇರೊಂದು ತೂತಿಗೆ ಚುಚ್ಚಿರುತ್ತಾರೆ. ವಿಂಡೋಸ್ ಅದನ್ನು ಹೊಸ ಪ್ರಿಂಟರೆಂದೇ ತಿಳಿದು `USB002` ಮಾಡಿಕೊಳ್ಳುತ್ತದೆ, ಪಟ್ಟಿಯಲ್ಲಿ ಹೆಸರಿನ ಮುಂದೆ `(Copy 1)` ಎಂದು ಸೇರಿದ ಇನ್ನೊಂದು ಪ್ರಿಂಟರ್ ಹುಟ್ಟುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಹಳೆಯದಕ್ಕೇ ಕಳಿಸುತ್ತಿರುತ್ತದೆ, ಅದು ಆಫ್‌ಲೈನ್ ಎನ್ನುತ್ತದೆ. ಕೇಬಲನ್ನು ಮೊದಲಿನ ತೂತಿಗೇ ಹಾಕಿ, ಅಥವಾ `Printer properties` ಒಳಗಿನ `Ports` ನಲ್ಲಿ ಹೊಸ ಪೋರ್ಟ್ ಆರಿಸಿ. ಸರಿಯಾದ ತೂತಿನ ಪಕ್ಕ ಒಂದು ಸ್ಟಿಕ್ಕರ್ ಅಂಟಿಸಿಡುವುದು ಒಳ್ಳೆಯದು. ಹಾಗೆಯೇ `Let Windows manage my default printer` ಎಂಬುದನ್ನು ಆಫ್ ಮಾಡಿ, ಬಿಲ್ ಪ್ರಿಂಟರನ್ನೇ ಕಾಯಂ ಮಾಡಿ. ಇಲ್ಲದಿದ್ದರೆ ಒಮ್ಮೆ ಬೇರೆ ಪ್ರಿಂಟರಿನಲ್ಲಿ ಏನೋ ಅಚ್ಚು ಹಾಕಿದ ಮೇಲೆ ಬಿಲ್ಲುಗಳೂ ಅದರ ಹಿಂದೆಯೇ ಹೋಗುತ್ತವೆ.

ಬೇರೆ ತೊಂದರೆ ಬಂದಾಗ ಮೂರು ಪ್ರಿಂಟ್ ಇದೇ ಕ್ರಮದಲ್ಲಿ ತೆಗೆಯಿರಿ. ಮೊದಲು `FEED` ಗುಂಡಿಯ ಚೀಟಿ: ಬರದಿದ್ದರೆ ಯಂತ್ರದ್ದೇ ದೋಷ. ಅದು ಬಂದು ವಿಂಡೋಸಿನ `Print Test Page` ಬರದಿದ್ದರೆ ಡ್ರೈವರ್ ಅಥವಾ ಪೋರ್ಟಿನ ದೋಷ. ಅದೂ ಬಂದು ಬಿಲ್ ಮಾತ್ರ ಕೆಟ್ಟು ಬರುತ್ತಿದ್ದರೆ ಸಾಫ್ಟ್‌ವೇರಿನ ಅಳತೆ ತಪ್ಪಿದೆ. ಉದ್ದಕ್ಕೂ ಒಂದೇ ಜಾಗದಲ್ಲಿ ಬಿಳಿ ಗೆರೆ ಬೀಳುತ್ತಿದ್ದರೆ ಹೆಡ್ಡಿಗೆ ಕೊಳೆ ಹಿಡಿದಿದೆ. ಪ್ರಿಂಟರ್ ಆಫ್ ಮಾಡಿ, ಹೆಡ್ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಒರೆಸಿದ ಮೇಲೂ ಗೆರೆ ಹಾಗೇ ಇದ್ದರೆ ಆ ಬಿಂದು ಸುಟ್ಟಿದೆ, ಹೆಡ್ ಬದಲಿಸದೆ ಬೇರೆ ದಾರಿ ಇಲ್ಲ.

ಕೊನೆಯದಾಗಿ ಲೆಕ್ಕಪತ್ರದ ವಿಷಯ. ಶಾಖದಿಂದ ಮೂಡಿದ ಅಕ್ಷರ ಬಿಸಿಲು, ಶಾಖ, ಪ್ಲಾಸ್ಟಿಕ್ ಕವರುಗಳ ಸಂಪರ್ಕದಲ್ಲಿ ತಿಂಗಳುಗಳಲ್ಲೇ ಮಾಸಿಹೋಗಬಹುದು. ಜಿಎಸ್‌ಟಿ ಕಾನೂನು ಮಾತ್ರ ನೋಂದಾಯಿತ ವ್ಯಾಪಾರಿಯ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕೆನ್ನುತ್ತದೆ. ಥರ್ಮಲ್ ಕಾಗದವನ್ನು ನಂಬಿ ಅಷ್ಟು ವರ್ಷ ಕಳೆಯಲಾಗದು. ಸಗಟು ವ್ಯಾಪಾರಿಯಿಂದ ಬಂದ ಥರ್ಮಲ್ ಬಿಲ್ಲುಗಳನ್ನು ಅಂದೇ ಜೆರಾಕ್ಸ್ ಮಾಡಿಸಿ ಇಲ್ಲವೇ ಫೋಟೊ ತೆಗೆದಿಡಿ, ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಬ್ಯಾಕಪ್ಪನ್ನು ವಾರಕ್ಕೊಮ್ಮೆ ಬೇರೊಂದು ಪೆನ್‌ಡ್ರೈವಿಗೆ ಹಾಕಿ, ಪ್ರಿಂಟರಿನ ಡ್ರೈವರ್ ಫೈಲನ್ನೂ ಅದರಲ್ಲೇ ಇಟ್ಟುಕೊಳ್ಳಿ.